ದುಂಡು ಬಾಟಲಿಗೆ ಸುತ್ತು ಲೇಬಲ್: ಪುಣೆ ಕನ್ನಡಿಗರ ಗುಂಪಿನಲ್ಲಿ ಪ್ರಶ್ನೋತ್ತರ

ಶೈಲಾ, ಕೋಥ್ರೂಡ್: ಮನೆಯಲ್ಲಿ ಕೋಕಂ ಶರಬತ್ತು ಮಾಡಿ ಮಾರುತ್ತೇನೆ ಸರ್. ಲೇಬಲ್ ಸುತ್ತಿದರೆ ಕೊನೆಯ ಅಂಚು ಕಾಲು ಇಂಚು ಕೆಳಗಿಳಿಯುತ್ತದೆ. ಪದಾರ್ಥಗಳ ಪಟ್ಟಿಯ ಅಕ್ಷರಗಳೂ ಮುಚ್ಚಿಹೋಗುತ್ತವೆ. ನನ್ನ ಕೈ ಸರಿ ಇಲ್ವಾ?

ರಮೇಶ್ (ಲೇಬಲ್ ಪ್ರಿಂಟಿಂಗ್): ಕೈ ಸರಿಯಾಗಿಯೇ ಇದೆ ಅಕ್ಕ. ಬಾಟಲಿ ಮೇಲೆ ಸಣ್ಣ, ಕೆಳಗೆ ದಪ್ಪ ಇರಬೇಕು. ಲೇಬಲ್ ಕೂರುವ ಜಾಗದ ಮೇಲ್ತುದಿ, ಕೆಳತುದಿ ಎರಡರಲ್ಲೂ ಕಾಗದದ ಪಟ್ಟಿ ಸುತ್ತಿ, ಗುರುತು ಹಾಕಿ ಅಳೆಯಿರಿ.

ಶೈಲಾ: ಮೇಲೆ 185, ಕೆಳಗೆ 191 ಮಿಮೀ. ಎತ್ತರ 90.

ಮಹೇಶ್, ಹಡಪ್ಸರ್: ಲೇಬಲ್ ಎತ್ತರ ಅರ್ಧ ಮಾಡಿ, ಸರಿಹೋಗುತ್ತೆ.

ರಮೇಶ್: ಹೋಗಲ್ಲ ಮಹೇಶ್. ಎತ್ತರ ಎಷ್ಟೇ ಇರಲಿ, ಬಾಟಲಿಯ ಇಳಿಜಾರು ಅಷ್ಟೇ ಇರುತ್ತದೆ. ನೇರ ಪಟ್ಟಿ ಇಳಿಜಾರಿನ ಮೇಲೆ ದಪ್ಪ ಕಡೆಗೆ ಜಾರುತ್ತದೆ. ಅಕ್ಕನ ಅಳತೆಗೆ ಒಂದು ಸುತ್ತಿನಲ್ಲಿ 6 ಮಿಮೀ. ಅದೇ ಆ ಕಾಲು ಇಂಚು.

ದಾರಿ ಎರಡು. ಲೇಬಲ್ಲನ್ನೇ ಬಾಗಿಸಿ ಕತ್ತರಿಸಬಹುದು: ಕೆಳ ಅಂಚಿನ ಕಮಾನಿನ ತ್ರಿಜ್ಯ 191 × 90 ÷ 6, ಅಂದರೆ 2865 ಮಿಮೀ; ಇಲ್ಲಿ 6 ಎಂದರೆ ಎರಡು ಸುತ್ತಳತೆಗಳ ವ್ಯತ್ಯಾಸ. ಮೇಲಿನದು 2775. ಕಮಾನಿನ ಹೊಟ್ಟೆ ಕೆಳಗಿರಬೇಕು, ಅಕ್ಷರದ ಸಾಲುಗಳೂ ಅದೇ ಕಮಾನಿನಲ್ಲಿ ಹೋಗಬೇಕು. ಇಲ್ಲವೇ ಮುಂದೊಂದು, ಹಿಂದೊಂದು ಚಿಕ್ಕ ಲೇಬಲ್ ಹಾಕಿ. 90 ಮಿಮೀ ಉದ್ದದ್ದನ್ನು ನಡುವಿನಿಂದ ಅಂಟಿಸುತ್ತಾ ಹೋದರೆ ತುದಿ ಅರ್ಧ ಮಿಮೀ ಕೂಡ ಇಳಿಯಲ್ಲ. ನಾನಾದರೆ ಇದನ್ನೇ ಮಾಡುತ್ತೇನೆ.

ಅಕ್ಷರ ಮುಚ್ಚುವುದು ಬೇರೆ ಸಮಸ್ಯೆ. ಪೂರ್ತಿ ಸುತ್ತುವ ಲೇಬಲ್ಲಿಗೆ ಸುತ್ತಳತೆಗಿಂತ 6 ಮಿಮೀ ಜಾಸ್ತಿ ಉದ್ದ ಕೊಡಬೇಕು. ಅಡಿಗೆ ಹೋಗುವ ತುದಿಯ ಆ 6 ಮಿಮೀ ಬರೀ ಬಣ್ಣ. ಆಮೇಲೆ 3 ಮಿಮೀ ಬಿಟ್ಟು ಅಕ್ಷರ, ಮೇಲೆ ಬರುವ ತುದಿಯಲ್ಲೂ 3 ಮಿಮೀ ಖಾಲಿ. ಬಾಟಲಿ ಹೆಗಲಿನಲ್ಲಿ ತಿರುಗುವ ಜಾಗಕ್ಕಿಂತ 2–3 ಮಿಮೀ ಕೆಳಗೇ ಲೇಬಲ್ ನಿಲ್ಲಬೇಕು, ಇಲ್ಲದಿದ್ದರೆ ಅಂಚು ಸುಕ್ಕಾಗುತ್ತದೆ.

ಸುಧಾ, ಮಡಗಾಂವ್: ಲೇಬಲ್ಲಿನ ಎರಡು ತುದಿ ಸೇರುವ ಜೋಡು ಏಳುತ್ತಿದ್ದರೆ ಕ್ವಿಕ್ ಗಮ್ ಹಚ್ಚಿ ಹೇರ್ ಡ್ರೈಯರ್ ಹಿಡಿಯಿರಿ ಅಂತ ಫಾರ್ವರ್ಡ್ ಬಂದಿದೆ. ಮಾಡಲಾ?

ರಮೇಶ್: ಬೇಡ. ಆ ಗಮ್ ಒಣಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಕಾಗದದಲ್ಲಿ ಕಲೆ ಉಳಿಯುತ್ತದೆ. ಕಾಗದದ ನಾರು ಬಾಟಲಿಯ ಉದ್ದಕ್ಕೆ ನಿಂತಿರಬೇಕು. ಅಡ್ಡ ಇದ್ದರೆ ಕಾಗದ ನೇರವಾಗಲು ಎಳೆದು ಜೋಡು ಬಿಡುತ್ತದೆ. ಮೇಲಿನ ತುದಿ ಕೂರುವ ಜಾಗದಲ್ಲಿ ಜಾರುವ ವಾರ್ನಿಶ್ಶೂ ಬೇಡ.

ಮಹೇಶ್: ಬಾರ್‌ಕೋಡ್ ಮಲಗಿಸಬೇಕಾ, ನಿಲ್ಲಿಸಬೇಕಾ?

ಸುಧಾ: ಹೇಗಿದ್ದರೂ ಸ್ಕ್ಯಾನ್ ಆಗುತ್ತೆ. ನಮ್ಮ ಉಪ್ಪಿನಕಾಯಿ ಡಬ್ಬಿದು ಆಗಿದೆ.

ಮಹೇಶ್: ನಿಮ್ಮ ಡಬ್ಬಿ ದಪ್ಪ ಮೇಡಂ! ಸಣ್ಣ ಬಾಟಲಿಯಲ್ಲಿ ಗೆರೆಗಳು ಅಂಚಿನಾಚೆ ತಿರುಗಿಬಿಡುತ್ತವೆ.

ಸುಧಾ: ಗೊತ್ತಿದ್ದರೆ ಮತ್ಯಾಕೆ ಕೇಳಿದಿರಿ?

ರಮೇಶ್: ಗೆರೆಗಳು ಏಣಿ ಮೆಟ್ಟಿಲಿನಂತೆ ಅಡ್ಡ ಬರಲಿ. ಜಗಳ ಬೇಡ.

ವಿನಯ್, ಪಿಂಪ್ರಿ: ಸುತ್ತಳತೆಗೆ ಎಷ್ಟು ಸೇರಿಸಬೇಕು ಸರ್?

ರಮೇಶ್: ಮೇಲೆ ಬರೆದಿದೆ, ಓದಿ.

ಸುಧಾ: ಸಾವಿರ ಲೇಬಲ್ಲಿಗೆ ಎಷ್ಟಾಗುತ್ತೆ?

ಶೈಲಾ: ಎರಡು ಲೇಬಲ್ಲೇ ಹಾಕುತ್ತೇನೆ ಸರ್. ಆದರೆ ಫ್ರಿಜ್‌ನಿಂದ ತೆಗೆದಾಗ ಬಾಟಲಿ ಬೆವರುತ್ತದಲ್ವಾ, ಆಗ ಅಂಚು ಏಳುವುದಿಲ್ಲವಾ?

ವಿನಯ್: ಓದಿದೆ ಸರ್. 6 ಮಿಮೀ ಎರಡೂ ಕಡೆನಾ, ಒಂದು ಕಡೆನಾ?

ರಮೇಶ್: ಒಂದೇ ಕಡೆ.