[ಪದಚರ್ಚೆ] 021-040 ಅಂತಿರುವುದನ್ನು ಒಂದೊಂದೇ ನಂಬರಾಗಿ ಬಿಡಿಸುವ ಬಟನ್‌ಗೆ ಹೆಸರು ಬೇಕು

ಡೊಂಬಿವಲಿಯಿಂದ, ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಒಂದು ಪದ ಬೇಕು. ನಮ್ಮ ಸಂಘದ ಮಕ್ಕಳ ಪರೀಕ್ಷೆಗೆ ಹಾಲ್ ಚೀಟಿ ಮುದ್ರಿಸಲು ಒಬ್ಬ ಹುಡುಗ ಚಿಕ್ಕ ತಂತ್ರಾಂಶ ಮಾಡಿಕೊಟ್ಟಿದ್ದಾನೆ. ರೋಲ್ ನಂಬರ್‌ಗಳನ್ನು ನಾವು ಹೀಗೆ ಬರೆದು ಕಳಿಸುತ್ತೇವೆ:

```
001-012, 015, 021-040, 117-21
```

ಬಟನ್ ಒತ್ತಿದರೆ ಪ್ರತಿ ನಂಬರೂ ಬೇರೆ ಬೇರೆ ಸಾಲಿನಲ್ಲಿ ಬರಬೇಕು. ಬಟನ್ ಮೇಲೆ ಅವನು "ಶ್ರೇಣಿ ವಿಸ್ತರಣೆ" ಅಂತ ಹಾಕಿದ್ದಾನೆ. ನೋಡಿದ ಟೀಚರ್ ಒಬ್ಬರು, ಇದು ಮಾರ್ಕ್ಸ್ ಜಾಸ್ತಿ ಮಾಡುವ ಬಟನ್ನಾ ಅಂತ ಕೇಳಿದರು! ಇಲ್ಲಿ ಮರಾಠಿ ಶಾಲೆಗಳಲ್ಲಿ ಶ್ರೇಣಿ ಅಂದರೆ ಗ್ರೇಡು ಅಲ್ವಾ. ನನಗೆ "ಬಿಡಿಸು" ಹೊಳೆಯಿತು. ಸರಿಯೇ?

ಪುಣೆಯಿಂದ, ಅದೇ ರಾತ್ರಿ

ಶ್ರೇಣಿ ಬೇಡವೇ ಬೇಡ. ವಿಸ್ತರಣೆಯೂ ಬೇಡ, ಅದು ರಸ್ತೆಗೆ ಮಾಡುವುದು.

ಬಿಡಿಸು ಒಳ್ಳೆಯ ಪದ. ಸಂಧಿ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಬಟಾಣಿ ಬಿಡಿಸುತ್ತೇವೆ. ಎಲ್ಲದರಲ್ಲೂ ಒಳಗೆ ಮುಚ್ಚಿಕೊಂಡಿದ್ದದ್ದು ಹೊರಗೆ ಬರುತ್ತದೆ. ತಮಿಳಿನ ವಿಡು, ನಮ್ಮ ಬಿಡು ಎರಡೂ ಒಂದೇ ಬೇರಿನವು, ವಕಾರ ನಮ್ಮಲ್ಲಿ ಬಕಾರವಾಯಿತು. ಕೆಡು-ಕೇಡು, ಪಡು-ಪಾಡು ಇದ್ದ ಹಾಗೆ ಬಿಡು-ಬೀಡು. ದಂಡು ಬಿಟ್ಟ ಜಾಗವೇ ಬೀಡು. ಇಷ್ಟು ಹಳೆಯ ಬೇರು ಕೈಯಲ್ಲಿರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ಮತ್ತೆ "ರೋಲ್ ನಂಬರ್" ಯಾಕೆ, "ಹಾಜರಿ ಸಂಖ್ಯೆ" ಅನ್ನಿ. ಅಚ್ಚ ಕನ್ನಡ.

ವಾಸ್ಕೋದಿಂದ, ಶನಿವಾರ ಬೆಳಿಗ್ಗೆ

ಹಾಜರಿ ಅಚ್ಚ ಕನ್ನಡವೇ? ಅರಬ್ಬಿ ಸರ್ ಅದು. "ಸಂಖ್ಯೆ" ಸಂಸ್ಕೃತ. ನಿಮ್ಮ ಅಚ್ಚ ಕನ್ನಡದಲ್ಲಿ ಕನ್ನಡ ಎಲ್ಲಿದೆ ಹುಡುಕಿ ಕೊಡಿ.

ಬಿಡಿಸು ಬೇಡ. ಪರೀಕ್ಷೆ ಪಟ್ಟಿಯ ಪಕ್ಕದಲ್ಲಿ "ಬಿಡಿಸು" ಅಂತ ಬರೆದರೆ ನಮ್ಮ ಕಡೆ ಏನು ತಿಳಿಯುತ್ತಾರೆ ಗೊತ್ತೇ? ಹುಡುಗನನ್ನು ಶಾಲೆ ಬಿಡಿಸಿದರು ಅಂತ. ನಂಬರ್ ಆರಿಸಿ ಆ ಬಟನ್ ಒತ್ತಲು ಯಾವ ಮೇಷ್ಟ್ರಿಗೂ ಧೈರ್ಯ ಬರುವುದಿಲ್ಲ. "ಬಿಚ್ಚು" ಹಾಕಿ. ಗಂಟು ಬಿಚ್ಚು, ಮಡಿಕೆ ಬಿಚ್ಚು.

ಮುಲುಂಡ್‌ನಿಂದ, ಶನಿವಾರ ಬೆಳಿಗ್ಗೆ

ಮಾರಾಯ್ರೇ, ನಮ್ಮ ಸೊಸೈಟಿಯಲ್ಲೂ ಇದೇ ಕಥೆ. ನೀರಿನ ಬಿಲ್ಲಿಗೆ 101-204 ಅಂತ ಬರೆದುಕೊಟ್ಟೆ. ಮಹಡಿಗೆ ನಾಲ್ಕು ಮನೆ, ಎರಡು ಮಹಡಿ, ಒಟ್ಟು ಎಂಟು ಮನೆ. ಕಂಪ್ಯೂಟರ್ 104 ಬಿಲ್ ತೆಗೆಯಿತು. 105, 106, 107... ಇಲ್ಲದ ಮನೆಗಳಿಗೆಲ್ಲ ನೀರು ಬಿಟ್ಟಿತು. ಪದ ಏನೋ ಗೊತ್ತಿಲ್ಲ. ನಮ್ಮ ಊರಲ್ಲಾದರೆ ನಂಬರ್ ಅಲ್ಲ, "ನಂಬ್ರ". ಅದನ್ನೇ ಹಾಕಿ, ಚಂದ ಉಂಟು.

ಪುಣೆಯಿಂದ

ವಿಷಯಕ್ಕೆ ಸಂಬಂಧವಿಲ್ಲ.

ಥಾಣೆಯಿಂದ, ಶನಿವಾರ 10 ಗಂಟೆ

ಸಂಬಂಧ ಇದೆ. ಮುಲುಂಡಿನವರು ಹೇಳಿದ್ದೇ ಮುಖ್ಯ. ಡೊಂಬಿವಲಿಯ ಅಕ್ಕಾ, ಪದ ಆರಿಸುವ ಮೊದಲು ಆ ಬಟನ್ ನಿಜವಾಗಿ ಏನು ಮಾಡುತ್ತದೆ ಅಂತ ನೋಡಿದ್ದೀರಾ? ನಿಮ್ಮ ಪಟ್ಟಿಯಿಂದ ಎಷ್ಟು ಚೀಟಿ ಬಂದವು?

ಡೊಂಬಿವಲಿಯಿಂದ

ಅದೇ ಇನ್ನೊಂದು ಗೋಳು. 033ನೇ ಹುಡುಗಿ ಊರಿಗೆ ಹೋಗಿದ್ದಾಳೆ, ಅವಳ ನಂಬರನ್ನು "ಇವು ಬೇಡ" ಅನ್ನುವ ಬಾಕ್ಸಿನಲ್ಲಿ ಹಾಕಿದ್ದೆವು. ನಾನು ಕೈಯಲ್ಲಿ ಎಣಿಸಿದರೆ 34. ಮಷೀನು 32 ಕೊಟ್ಟಿತು.

ಥಾಣೆಯಿಂದ

ಎರಡೂ ತಪ್ಪು. 37 ಆಗಬೇಕು.

ನೀವು ಕೊನೆಯದರಿಂದ ಮೊದಲನೆಯದನ್ನು ಕಳೆದಿದ್ದೀರಿ. 12ರಲ್ಲಿ 1 ಕಳೆದರೆ 11. ಆದರೆ 001ರ ಮಗುವೂ ಬರುತ್ತದೆ, 012ರ ಮಗುವೂ ಬರುತ್ತದೆ, ಅಂದರೆ 12 ಮಕ್ಕಳು. ಕಳೆದ ಮೇಲೆ ಒಂದು ಕೂಡಿಸಬೇಕು. ಹಾಗೆ ಮಾಡಿದರೆ 12, 1, 20ರಲ್ಲಿ 033 ಹೋಗಿ 19, ಕೊನೆಗೆ 5. ಮೂರು ಗುಂಪಿನಲ್ಲಿ ಒಂದೊಂದು ತಪ್ಪಿಸಿದ್ದಕ್ಕೆ ನಿಮಗೆ 34 ಬಂತು.

ಮಷೀನಿನ ತಪ್ಪು ಬೇರೆ. 117-21 ಅಂದರೆ ನಮಗೆ 117ರಿಂದ 121 ಅಂತ ಗೊತ್ತು, ಕೈಬರಹದಲ್ಲಿ ಎಲ್ಲರೂ ಹಾಗೇ ಚಿಕ್ಕದು ಮಾಡುತ್ತಾರೆ. ಅದು 117ರಿಂದ 21ರವರೆಗೆ ಅಂತ ಓದಿತು. ಮುಂದಕ್ಕೆ ಎಣಿಸಿದರೆ ಸಿಗುವುದು ಸೊನ್ನೆ, ಹಾಗಾಗಿ ಸುಮ್ನೆ ಬಿಟ್ಟಿತು. ತಪ್ಪು ಅಂತ ಬೊಬ್ಬೆ ಹೊಡೆದಿದ್ದರೆ ವಾಸಿ ಇತ್ತು. ಈಗ ಐದು ಮಕ್ಕಳಿಗೆ ಚೀಟಿ ಇಲ್ಲ. ಹುಡುಗನಿಗೆ ಇದನ್ನು ಕಳಿಸಿ, a ಅಂದರೆ ಗೆರೆಯ ಮೊದಲಿನದು, b ಅಂದರೆ ನಂತರದ್ದು:

```
if len(b) < len(a):
    b = a[:len(a)-len(b)] + b
```

21ರಲ್ಲಿ ಅಂಕಿ ಕಡಿಮೆ, ಆದ್ದರಿಂದ 117ರ ಮೊದಲ 1 ಅನ್ನು ಎರವಲು ತೆಗೆದುಕೊಂಡು 121 ಆಗುತ್ತದೆ. ಇದು ಸಂಖ್ಯೆಯಾಗಿಸುವ ಮೊದಲು, ಅಕ್ಷರವಾಗಿ ಇರುವಾಗಲೇ ಆಗಬೇಕು. ಹೀಗೆ ಮಾಡಿದ ಮೇಲೂ ಕೊನೆಯದೇ ಚಿಕ್ಕದಾಗಿ ಬಂದರೆ, ಉದಾಹರಣೆಗೆ 117-12 ಅಂತ ಯಾರಾದರೂ ಬರೆದರೆ, ಊಹೆ ಮಾಡದೆ ನಿಲ್ಲಿಸಿ ಕೇಳಬೇಕು. ಅದು 112 ಇರಬಹುದು, ಬರೆದವರ ಕೈತಪ್ಪೂ ಇರಬಹುದು.

ಇನ್ನೊಂದು ಕೇಳುತ್ತೇನೆ. ಚೀಟಿಯಲ್ಲಿ 001 ಬಂದಿದೆಯಾ, ಬರೀ 1 ಬಂದಿದೆಯಾ?

ಡೊಂಬಿವಲಿಯಿಂದ

ಬರೀ 1. ಅದಕ್ಕೇ ಇರಬೇಕು ಮೊದಲ ಕೆಲವು ಚೀಟಿಗಳಲ್ಲಿ ಹೆಸರೇ ಬಂದಿಲ್ಲ!

ಥಾಣೆಯಿಂದ

ಕೆಲವಲ್ಲ, 040ರವರೆಗೆ ಎಲ್ಲದರಲ್ಲೂ ಹೋಗಿರುತ್ತದೆ, ನೋಡಿ. ದಾಖಲೆಯಲ್ಲಿ ಇರುವುದು 001. ಎಣಿಸಿದ ಮೇಲೆ `str(n).zfill(len(a))` ಅಂತ ಹಾಕಿದರೆ ಸೊನ್ನೆಗಳು ವಾಪಸ್ ಬರುತ್ತವೆ.

ಮುಲುಂಡಿನವರ ಮಾತಿಗೆ ಬರುತ್ತೇನೆ. ಎಣಿಸಿ ಬಂದ ಪ್ರತಿ ನಂಬರನ್ನೂ ದಾಖಲೆಯಲ್ಲಿ ಹುಡುಕಿಸಿ. ಇಲ್ಲದಿದ್ದರೆ ಕೆಂಪಕ್ಷರದಲ್ಲಿ ತೋರಿಸಲಿ. ಎರಡು ತುದಿ ಸರಿ ಇದ್ದ ಮಾತ್ರಕ್ಕೆ ನಡುವಿನದೆಲ್ಲ ಇರುತ್ತದೆ ಅಂತಿಲ್ಲ, 105ನೇ ಮನೆ ಇಲ್ಲದ ಹಾಗೆ.

ವಾಸ್ಕೋದಿಂದ

ಎಲ್ಲ ಸರಿ, "ವರೆಗೆ" ಅಂದರೆ ಕೊನೆಯದೂ ಸೇರಿತಾ ಇಲ್ಲವಾ? ಶುಕ್ರವಾರದವರೆಗೆ ರಜೆ ಅಂದರೆ ಶುಕ್ರವಾರ ಶಾಲೆ ಇದೆಯೋ ಇಲ್ಲವೋ ಅಂತ ನಮ್ಮ ಮನೆಯಲ್ಲಿ ಪ್ರತಿ ಸಲ ಜಗಳ. ಹುಡುಗ ಅಲ್ಲೂ ಎಡವಿರಬಹುದು.

ಥಾಣೆಯಿಂದ

ಎಡವಿಲ್ಲ. ಎಡವಿದ್ದರೆ 32 ಬದಲು 30 ಬರುತ್ತಿತ್ತು, 012, 040 ಎರಡೂ ಹೋಗುತ್ತಿದ್ದವು. ಪೈಥಾನ್‌ನಲ್ಲಿ `range(21, 40)` ಬರೆದರೆ 39ಕ್ಕೇ ನಿಲ್ಲುತ್ತದೆ. ಕೊನೆಗೆ ಒಂದು ಕೂಡಿಸುವುದು ಅವನಿಗೆ ಗೊತ್ತಿತ್ತು.

ಪುಣೆಯಿಂದ

ಇದು ಪದಚರ್ಚೆಯ ಗುಂಪು ಅಂದುಕೊಂಡಿದ್ದೆ. ನನ್ನ ಕೊನೆಯ ಸಲಹೆ: "ಬಿಡಿ ಸಂಖ್ಯೆಗಳು". ಬಿಡಿ ಹೂವು, ಬಿಡಿ ಸಂಖ್ಯೆ. ಶಾಲೆ ಬಿಡಿಸುವ ಗೊಡವೆಯೇ ಇಲ್ಲ.

ವಾಸ್ಕೋದಿಂದ

ಬಿಡಿ, ಹತ್ತು, ನೂರು. ಮಕ್ಕಳು 040ರ ಬಿಡಿ ಸ್ಥಾನದಲ್ಲಿ ಸೊನ್ನೆ ಅನ್ನುತ್ತಾರೆ. ಬಿಡಿ ಸರ್ ಅದನ್ನು.

ಪುಣೆಯಿಂದ

"ಬಿಚ್ಚು" ಅಂತ ಪರೀಕ್ಷೆಯ ಪರದೆ ಮೇಲೆ ಬರೆಯುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಡೊಂಬಿವಲಿಯಿಂದ, ಶನಿವಾರ ಮಧ್ಯಾಹ್ನ

ಎಲ್ಲರಿಗೂ ಥ್ಯಾಂಕ್ಸ್. ಹುಡುಗ ಸರಿ ಮಾಡಿದ, 37 ಬಂತು, ಹೆಸರುಗಳೂ ಬಂದವು. ಬಟನ್ ಮೇಲೆ ಸದ್ಯಕ್ಕೆ "ಒಂದೊಂದಾಗಿ ಬರೆ" ಅಂತ ಹಾಕಿದ್ದೇವೆ, ಕೆಳಗೆ ಸಣ್ಣಕ್ಷರದಲ್ಲಿ "ಎರಡೂ ತುದಿ ಸೇರಿ". ಬಿಡಿಸು ನನಗೆ ಇನ್ನೂ ಇಷ್ಟವೇ. ಆದರೆ ಪಕ್ಕದ ಬಾಕ್ಸಿಗೆ "ಬಿಟ್ಟ ನಂಬರ್" ಅಂತ ಹೆಸರಿಡೋಣ ಅಂತಿದ್ದೆವು. ಬಿಡಿಸು, ಬಿಟ್ಟ ಎರಡೂ ಒಂದೇ ಪರದೆಯಲ್ಲಿ ಬಂದರೆ ನನಗೇ ಗೊಂದಲ.

ಮುಲುಂಡ್‌ನಿಂದ

ನಂಬ್ರ ಅಂತ ಹಾಕಿದಿರಾ?