ಅಪ್‌ಡೇಟ್: ಐಫೋನಿನಲ್ಲಿ ಮರೆಯಾಗುತ್ತಿದ್ದ ಆರ್ಡರ್ ಬಟನ್ ಸರಿಹೋಯಿತು

ನನ್ನ ಪ್ರಶ್ನೆ: "ದಾವಣಗೆರೆಯ ಬೆಣ್ಣೆದೋಸೆ ಹೋಟೆಲೊಂದಕ್ಕೆ ಮಾಡಿದ ಸೈಟಿನಲ್ಲಿ, ಪುಟದ ತಳದ 'ಆರ್ಡರ್ ಮಾಡಿ' ಬಟನ್ ಆಂಡ್ರಾಯ್ಡ್‌ನಲ್ಲಿ ಕಾಣುತ್ತದೆ, ಐಫೋನಿನಲ್ಲಿ ಕಾಣುವುದಿಲ್ಲ. ಏಕೆ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಮೊಬೈಲ್ ಅಳತೆ ಇಟ್ಟು ನೋಡುವ ಸಲಹೆ ಫಲಿಸಲಿಲ್ಲ; ಅದು ಪರದೆಯ ಅಗಲ, ಎತ್ತರಗಳನ್ನಷ್ಟೇ ಅನುಕರಿಸುತ್ತದೆ, ಸಫಾರಿಯ ವಿಳಾಸಪಟ್ಟಿಯನ್ನಲ್ಲ. ಕೊನೆಗೆ ಸ್ನೇಹಿತರ ಐಫೋನ್ ಕೇಳಿ ಪಡೆದು ನೋಡಿದಾಗ, ಬಟನ್ ಆ ಪಟ್ಟಿಯ ಹಿಂದೆಯೇ ಇದ್ದು, ಪುಟವನ್ನು ಸ್ವಲ್ಪ ಸರಿಸಿ ಪಟ್ಟಿ ಕುಗ್ಗಿದ ಕೂಡಲೇ ಅದರ ಮೇಲಂಚು ಇಣುಕಿತು. `100vh` ಎಂಬುದು ಪಟ್ಟಿ ಕುಗ್ಗಿದಾಗಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯುವುದೇ ಕಾರಣವೆಂದು ಒಬ್ಬರು ಬರೆದಿದ್ದರು. ಅವರು ಕೊಟ್ಟ ಪರಿಹಾರವೇ ಕೆಲಸ ಮಾಡಿತು.

```css
.menu-page {
  height: 100vh;
  height: 100dvh;
}
```

ಎರಡನೆಯ ಸಾಲು ಅರ್ಥವಾಗದ ಹಳೆಯ ಬ್ರೌಸರ್‌ಗಳು ಮೊದಲನೆಯದನ್ನೇ ಬಳಸುತ್ತವೆ, ಆದ್ದರಿಂದ ಈ ಕ್ರಮವನ್ನು ಅದಲುಬದಲು ಮಾಡಬಾರದು. ಸಫಾರಿ 15.4 ಮತ್ತು ಕ್ರೋಮ್ 108ರಿಂದ ಈಚೆಗೆ `dvh` ನಡೆಯುತ್ತದೆ.

ಅದೇ ಫೋನಿನಲ್ಲಿ ಇನ್ನೊಂದು ವಿಷಯ ತಿಳಿಯಿತು. ಫೋನ್ ಸಂಖ್ಯೆ ತುಂಬುವ ಜಾಗವನ್ನು ಮುಟ್ಟಿದೊಡನೆ ಪುಟ ತಾನಾಗಿ ಹಿಗ್ಗುತ್ತಿತ್ತು. ಅಲ್ಲಿನ ಅಕ್ಷರದ ಗಾತ್ರವನ್ನು `14px`ನಿಂದ `16px`ಗೆ ಏರಿಸಿದ ಮೇಲೆ ನಿಂತಿತು.

ಸೈಟ್ ಬಿಡುವ ಹಿಂದಿನ ರಾತ್ರಿ ಪಟ್ಟಿ ಹಿಡಿದು ಪರಿಶೀಲಿಸಿದೆ. ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲೇ ಒಂದು ನಿಜವಾದ ಆರ್ಡರ್ ಕಳುಹಿಸಿದಾಗ ಅದು ಹೋಟೆಲಿಗೆ ತಲುಪಿತು. ಆದರೆ ಪರೀಕ್ಷೆಯ ದಿನಗಳಲ್ಲಿ ಹಾಕಿದ್ದ `noindex` ಇನ್ನೂ ಉಳಿದಿತ್ತು. ಅದನ್ನು ತೆಗೆದ ನಂತರವೇ ಸೈಟನ್ನು ಬಿಟ್ಟೆ.