ಓವನ್‌ನಲ್ಲಿ ಹುರಿದ ಕಾಬೂಲಿ ಕಡಲೆ ಆರಿದ ಮೇಲೆ ಮೆತ್ತಗಾಗುತ್ತಿದೆ

ಪ್ರಶ್ನೆ: ಕಾಬೂಲಿ ಕಡಲೆ ರಾತ್ರಿ ನೆನೆಸಿ, ಕುಕ್ಕರ್‌ನಲ್ಲಿ ಬೇಯಿಸಿ, ಎಣ್ಣೆ, ಉಪ್ಪು, ಖಾರದಪುಡಿ ಕಲಸಿ ಒಟಿಜಿಯಲ್ಲಿ 200 ಡಿಗ್ರಿಗೆ 25 ನಿಮಿಷ ಇಟ್ಟೆ. ತೆಗೆದಾಗ ಗರಿಗರಿ ಇತ್ತು, ಅರ್ಧ ಗಂಟೆಗೆ ಮೆತ್ತಗಾಯ್ತು. ಖಾರದಪುಡಿ ಕಪ್ಪಾಗಿ ಕಹಿ ಬೇರೆ. ಎಲ್ಲಿ ತಪ್ಪಿದೆ?

ಬೇಕರಿ ಕೆಲಸದವರು: ಹೊರಗಿನ ಪದರ ಒಣಗಿದೆ, ಒಳಗಿನ ತಿರುಳು ಇನ್ನೂ ಒದ್ದೆ. ಆರುತ್ತಾ ಆ ತೇವ ಹೊರಗಿನ ಪದರಕ್ಕೆ ಬರುತ್ತೆ, ಅಷ್ಟೇ. ಬೆಂದ ಕಡಲೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ನೀರೇ ಇರುತ್ತೆ. ಬಣ್ಣ ನೋಡಿ ತೆಗೆದರೆ ಮೋಸ ಹೋಗ್ತೀರಿ, ಯಾಕಂದ್ರೆ ನೀರು ಹೋಗೋದಕ್ಕೆ ಮುಂಚೆಯೇ ಬಣ್ಣ ಬಂದುಬಿಡುತ್ತೆ.

ಬೇಯಿಸೋದರಿಂದಲೇ ಶುರು ಮಾಡಿ. ಬೆರಳಲ್ಲಿ ಒತ್ತಿದರೆ ಅಮುಕಬೇಕು, ಆದರೆ ಕಾಳು ಒಡೆದಿರಬಾರದು. ಒಡೆದ ಕಾಳು ಓವನ್‌ನಲ್ಲಿ ಹಿಟ್ಟುಹಿಟ್ಟಾಗುತ್ತೆ. ಉಪ್ಪನ್ನು ಬೇಯಿಸುವ ನೀರಿಗೇ ಹಾಕಿ. ಬಿಸಿ ಇರುವಾಗಲೇ ಬಸಿದು ಹತ್ತಿ ಬಟ್ಟೆ ಮೇಲೆ ಹರಡಿ, ಅದರ ಬಿಸಿಗೇ ಮೇಲಿನ ನೀರು ಆವಿಯಾಗಿ ಹೋಗುತ್ತೆ. ತಣ್ಣಗಾದ ಮೇಲೆ ಒರೆಸಿದರೆ ಆ ಲಾಭ ಇಲ್ಲ. ಫ್ಯಾನ್ ಕೆಳಗೆ ಒಂದು ಗಂಟೆ ಬಿಡಿ. ಮೇಲಿನ ಹೊಳಪು ಹೋಗಿ, ಸಿಪ್ಪೆ ಸ್ವಲ್ಪ ಸುಕ್ಕುಗಟ್ಟಿ, ಕೈಗೆ ಅಂಟದೆ ಉರುಳಿದರೆ ಸಾಕು.

ಗುಂಪಿನ ಸದಸ್ಯೆ: ಬೇಯಿಸುವಾಗ ಚಿಟಿಕೆ ಸೋಡಾ ಹಾಕಿ, ಎಲ್ಲಾ ಸಿಪ್ಪೆ ತೆಗೆಯಿರಿ. ಸಿಪ್ಪೆ ಇದ್ದರೆ ಗರಿಗರಿ ಆಗೋದೇ ಇಲ್ಲ.

ಬೇಕರಿ ಕೆಲಸದವರು: ಸಿಪ್ಪೆ ತೆಗೆದರೆ ಬೇಗ ಒಣಗುತ್ತೆ, ಅದು ನಿಜ. ಆದರೆ ಸಿಪ್ಪೆಯೂ ಒಣಗಿದರೆ ಕರುಂ ಅನ್ನುತ್ತೆ. ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ, ತಾನಾಗಿ ಬಿಟ್ಟಿದ್ದನ್ನು ಮಾತ್ರ ಆರಿಸಿ. ಸಡಿಲ ಸಿಪ್ಪೆಗಳೇ ಮೊದಲು ಸೀಯೋದು. ಸೋಡಾ ಬೇಡ. ಹಮ್ಮಸ್‌ಗೆ ಸರಿ, ಇಲ್ಲಿ ಕಾಳು ಮೆದುವಾಗಿ ಒಡೆಯುತ್ತೆ.

ಇನ್ನೊಬ್ಬರು: ಹುರಿಗಡಲೆ ಹೀಗೇ ಮಾಡೋದಾ? ಮನೆಯಲ್ಲಿ ಕೆಂಪು ಕಡಲೆ ಎರಡು ಕೆ.ಜಿ. ಇದೆ.

ಬೇಕರಿ ಕೆಲಸದವರು: ಅಲ್ಲ. ಹುರಿಗಡಲೆಗೆ ಕಡಲೆ ಬೇಯಿಸಲ್ಲ, ಕಾದ ಮರಳಲ್ಲಿ ಹುರೀತಾರೆ. ಮರಳು ಕೊಡುವಷ್ಟು ಬೇಗ ಓವನ್ನಿನ ಗಾಳಿ ಶಾಖ ಕೊಡಲ್ಲ. ಬೇಯಿಸಿದ ಕೆಂಪು ಕಡಲೆಯನ್ನು ಈ ರೀತಿ ಹುರಿಯಬಹುದು, ಆದರೆ ಸಿಪ್ಪೆ ದಪ್ಪ, ಸ್ವಲ್ಪ ಗಟ್ಟಿಯಾಗುತ್ತೆ.

ಈಗ ಓವನ್. ಒಟಿಜಿಯನ್ನು ಎರಡೂ ರಾಡ್ ಹಾಕಿ 190ಕ್ಕೆ ಹತ್ತು ನಿಮಿಷ ಮೊದಲೇ ಕಾಯಿಸಿ, ಟ್ರೇ ನಡುವಿನ ಹಂತದಲ್ಲಿರಲಿ. ಕಾಳು ಒಂದೇ ಸಾಲಿನಲ್ಲಿ, ಸಂದು ಬಿಟ್ಟು ಹರಡಿ. ಒತ್ತೊತ್ತಾಗಿದ್ದರೆ ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತೆ. ಮೊದಲ 15 ನಿಮಿಷ ಎಣ್ಣೆ ಇಲ್ಲದೆ ಬಿಡಿ. ಆಮೇಲೆ 300 ಗ್ರಾಂ ಕಾಳಿಗೆ ಎರಡು ಟೀ ಚಮಚ ಎಣ್ಣೆ ಸವರಿ ಮತ್ತೆ ಇಡಿ. ಹತ್ತು ನಿಮಿಷಕ್ಕೊಮ್ಮೆ ಟ್ರೇ ಕುಲುಕಿ: ಅಂಚಿನವು ನಡುವಿಗೆ, ನಡುವಿನವು ಅಂಚಿಗೆ ಬರಬೇಕು, ಕಾಳು ಉರುಳಿ ತಗಡಿಗೆ ತಾಗಿದ ಮಗ್ಗಲು ಬದಲಾಗಬೇಕು. ಅದಕ್ಕಿಂತ ಹೆಚ್ಚು ಸಲ ಬಾಗಿಲು ತೆಗೆದರೆ ಸಣ್ಣ ಓವನ್ನಿನ ಬಿಸಿಯೆಲ್ಲ ಹೊರಗೆ. ಕೆಲವು ಕಾಳು ಪಟ್ ಅಂತ ಸಿಡಿಯುತ್ತವೆ, ಒಳಗಿನ ಆವಿ ಅದು. ಟ್ರೇ ತೆಗೆಯುವಾಗ ಮುಖ ದೂರ ಇರಲಿ.

ಒಟ್ಟು 40–45 ನಿಮಿಷ. ಗಡಿಯಾರಕ್ಕಿಂತ ತಕ್ಕಡಿ ನಂಬಿ. 300 ಗ್ರಾಂ ಬೆಂದ ಕಡಲೆಯಲ್ಲಿ ಸುಮಾರು 180 ನೀರು, 120 ಕಾಳು. ಎಣ್ಣೆ ಸೇರಿ 140 ಗ್ರಾಂ ಹತ್ತಿರ ಬಂದರೆ ಆಯ್ತು. ಸ್ವಿಚ್ ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಇಪ್ಪತ್ತು ನಿಮಿಷ ಒಳಗೇ ಬಿಡಿ. ಖಾರದಪುಡಿ, ಚಾಟ್ ಮಸಾಲ ತೆಗೆದ ತಕ್ಷಣ, ಬಿಸಿ ಎಣ್ಣೆ ಮೈಮೇಲಿರುವಾಗ. 200 ಡಿಗ್ರಿಯಲ್ಲಿ ಅಷ್ಟು ಹೊತ್ತು ಇಟ್ಟರೆ ಮೆಣಸಿನ ಪುಡಿ ಕಪ್ಪಾಗದೆ ಇನ್ನೇನಾಗುತ್ತೆ!

ಗುಂಪಿನ ಸದಸ್ಯೆ: ಎಣ್ಣೆ ಮೊದಲೇ ಹಾಕಿದರೆ ಬಣ್ಣ ಎಲ್ಲಾ ಕಡೆ ಒಂದೇ ಸಮ ಬರುತ್ತೆ. ಎಣ್ಣೆ ಆಮೇಲೆ ಹಾಕೋದನ್ನು ನಾನು ಒಪ್ಪಲ್ಲ.

ಬೇಕರಿ ಕೆಲಸದವರು: ಬಣ್ಣ ಚೆನ್ನಾಗಿ ಬರುತ್ತೆ, ಹೌದು. ನನಗೆ ಒಣಗೋದೇ ಮುಖ್ಯ. ಎರಡು ಟ್ರೇ ಮಾಡಿ ಹೋಲಿಸಿ ನೋಡಿ.

ಉಡುಪಿ ಕಡೆಯವರು: ಮಳೆಗಾಲದಲ್ಲಿ ಡಬ್ಬಿಗೆ ಹಾಕಿದ ಮರುದಿನವೇ ಮೆತ್ತಗೆ. ಇದಕ್ಕೇನು?

ಬೇಕರಿ ಕೆಲಸದವರು: ಪೂರ್ತಿ ಆರದೆ ಮುಚ್ಚಳ ಹಾಕಿದರೆ ಒಳಗೇ ಬೆವರುತ್ತೆ. ಆರಿಸಿ ಹಾಕಿದರೂ ಆ ಹವೆಯಲ್ಲಿ ಮುಚ್ಚಳ ತೆಗೆದಾಗಲೆಲ್ಲ ತೇವ ಹೀರುತ್ತೆ, ಬೇಕಾದಷ್ಟೇ ಮಾಡಿ.

ಪ್ರಶ್ನೆ ಕೇಳಿದವರು: ಹೇಳಿದ ಹಾಗೇ ಮಾಡಿದೆ. 45 ನಿಮಿಷಕ್ಕೆ 165 ಗ್ರಾಂ ಇದೆ, ಬಣ್ಣ ಮಾತ್ರ ಪೂರ್ತಿ ಬಂದಿದೆ.

ಬೇಕರಿ ಕೆಲಸದವರು: ಇನ್ನೂ 25 ಗ್ರಾಂ ನೀರು ಹೋಗಬೇಕು. 150ಕ್ಕೆ ಇಳಿಸಿ ಹತ್ತು ನಿಮಿಷ ಇಡಿ, ಒಂದು ಕಾಳು ಪೂರ್ತಿ ಆರಿಸಿ ಕಚ್ಚಿ ನೋಡಿ. ನಡುವೆ ಮೇಣದ ಹಾಗೆ ಇದ್ದರೆ ಇನ್ನೊಂದು ಹತ್ತು ನಿಮಿಷ.